ಗಾಜಿನ ಮೇಲೆ ಸೆಂಟಿಮೀಟರ್, ವಿಂಡೋಸ್‌ಗೆ ಪಿಕ್ಸೆಲ್

ಹಳೆಯ 24 ಇಂಚಿನ ಮಾನಿಟರ್ ಇನ್ನೂ ಕೆಟ್ಟಿಲ್ಲ, ಬಿಸಾಡಲು ಮನಸ್ಸಿಲ್ಲ. ಪಕ್ಕಕ್ಕೆ 27 ಇಂಚಿನ 4ಕೆ ಮಾನಿಟರ್ ಒಂದನ್ನು ತಂದಿಟ್ಟದ್ದಾಯಿತು. ಕೇಬಲ್ ಸಿಕ್ಕಿಸಿದ ಕೂಡಲೇ ಎರಡರಲ್ಲೂ ಚಿತ್ರ ಬಂತು, ಸಂತೋಷವೂ ಆಯಿತು. ಕೆಲಸಕ್ಕೆ ಕೂತ ಮೇಲೆ ಕಿರಿಕಿರಿ ಶುರು. ದೊಡ್ಡ ಪರದೆಯಿಂದ ಸಣ್ಣ ಪರದೆಗೆ ಕರ್ಸರ್ ಒಯ್ಯಲು ಹೋದರೆ ಅಂಚಿನಲ್ಲಿ ಗೋಡೆಗೆ ಬಡಿದಂತೆ ನಿಂತುಬಿಡುತ್ತದೆ. ಸ್ವಲ್ಪ ಮೇಲಕ್ಕೆ ಸರಿಸಿದರೆ ದಾಟುತ್ತದೆ, ಆದರೆ ಆಚೆ ಬದಿಯಲ್ಲಿ ಗೇಣುದ್ದ ಕೆಳಗೆ ಹೋಗಿ ಕೂತಿರುತ್ತದೆ. ಒಂದು ಕಿಟಕಿಯನ್ನು ಎಳೆದು ಆಚೆ ಹಾಕಿದರೆ ಅಕ್ಷರಗಳು ಒಮ್ಮೆಲೇ ಉಬ್ಬುತ್ತವೆ, ಇಲ್ಲವೇ ಕುಗ್ಗುತ್ತವೆ.

ಇದನ್ನೆಲ್ಲ ಒಂದೇ ತೊಂದರೆ ಎಂದುಕೊಂಡು ಸೆಟ್ಟಿಂಗ್‌ನಲ್ಲಿ ಕಂಡದ್ದನ್ನೆಲ್ಲ ಒತ್ತುತ್ತ ಹೋಗುವವರೇ ಹೆಚ್ಚು. ಇರುವುದು ಎರಡು ಬೇರೆ ಬೇರೆ ತೊಂದರೆ. ಅಕ್ಷರ ಮತ್ತು ಕಿಟಕಿಗಳ ಗಾತ್ರ ಒಂದು, ಪರದೆಗಳು ಒಂದರ ಪಕ್ಕ ಒಂದು ಕೂರುವ ರೀತಿ ಇನ್ನೊಂದು. ವಿಂಡೋಸ್‌ನಲ್ಲಿ ಮೊದಲನೆಯದನ್ನು ಸರಿಮಾಡಿದ ಮಾತ್ರಕ್ಕೆ ಎರಡನೆಯದು ಸರಿಹೋಗುವುದಿಲ್ಲ. ಇದು ತಿಳಿಯದೆ ಶೇಕಡಾವಾರು ಬದಲಿಸುತ್ತ ಕೂತವರು ಕೊನೆಗೆ ಬೇಸತ್ತು ಹಳೆಯ ಮಾನಿಟರನ್ನು ಅಟ್ಟಕ್ಕೆ ಏರಿಸುತ್ತಾರೆ.

ಶುರು ಮಾಡಬೇಕಾದದ್ದು ಸೆಟ್ಟಿಂಗ್‌ನಿಂದಲ್ಲ, ಅಳತೆ ಟೇಪಿನಿಂದ. ಮಾನಿಟರಿನ ಚೌಕಟ್ಟು ಬಿಟ್ಟು, ಬೆಳಗುವ ಭಾಗದ ಅಗಲವನ್ನಷ್ಟೇ ಅಳೆಯಿರಿ. 27 ಇಂಚಿನದು ಸುಮಾರು 59.8 ಸೆಂ.ಮೀ. ಬರುತ್ತದೆ. 24 ಇಂಚು ಎಂದು ಮಾರುವ ಮಾನಿಟರುಗಳಲ್ಲಿ ಹೆಚ್ಚಿನವು ನಿಜಕ್ಕೂ 23.8 ಇಂಚಿನವು, ಅವುಗಳ ಅಗಲ 52.7 ಸೆಂ.ಮೀ. ಈಗ ಅಗಲದ ಪಿಕ್ಸೆಲ್‌ಗಳನ್ನು ಈ ಅಳತೆಯಿಂದ ಭಾಗಿಸಿ. 4ಕೆ ಪರದೆಯಲ್ಲಿ ಅಡ್ಡಕ್ಕೆ 3840 ಪಿಕ್ಸೆಲ್ ಇರುವುದರಿಂದ ಸೆಂಟಿಮೀಟರಿಗೆ 64.2. ಹಳೆಯ ಫುಲ್ ಎಚ್‌ಡಿ ಪರದೆಯಲ್ಲಿ 1920, ಅಂದರೆ ಸೆಂಟಿಮೀಟರಿಗೆ 36.4. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದರೆ 1.76. ಈ ಒಂದು ಸಂಖ್ಯೆಯನ್ನು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ, ಮುಂದಿನದೆಲ್ಲ ಇದರ ಸುತ್ತಲೇ ನಡೆಯುತ್ತದೆ.

ಮೊದಲು ಗಾತ್ರದ ವಿಷಯ. ವಿಂಡೋಸ್‌ನ Settings, ಅದರೊಳಗೆ System, ಅದರೊಳಗೆ Display ತೆರೆದರೆ ಮೇಲೆ ಎರಡೂ ಪರದೆಗಳ ಚಿತ್ರ ಕಾಣುತ್ತದೆ. ಒಂದನ್ನು ಒತ್ತಿ ಆರಿಸಿ ಕೆಳಗಿಳಿದರೆ Scale ಎಂಬುದು ಸಿಗುತ್ತದೆ. ಇದು ಪ್ರತಿ ಪರದೆಗೂ ಬೇರೆ ಬೇರೆ. 27 ಇಂಚಿನ 4ಕೆ ಪರದೆಗೆ ವಿಂಡೋಸ್ ತಾನಾಗಿಯೇ ಸಾಮಾನ್ಯವಾಗಿ ಸೂಚಿಸುವುದು 150%, ಫುಲ್ ಎಚ್‌ಡಿಗೆ 100%. ಒಂಟಿಯಾಗಿ ಬಳಸುವಾಗ ಈ 150% ಚೆನ್ನಾಗಿಯೇ ಇರುತ್ತದೆ. ಪಕ್ಕದಲ್ಲಿ ಹಳೆಯದು ಇದ್ದಾಗ ಮಾತ್ರ ಅದು ಹೊಂದುವುದಿಲ್ಲ. ಹಳೆಯ ಪರದೆಯಲ್ಲಿ ಸರಿಯಾಗಿ 10 ಸೆಂ.ಮೀ. ಅಗಲ ಕಾಣುವ ಕಿಟಕಿ 4ಕೆ ಪರದೆಗೆ ಬಂದಾಗ ಎಂಟೂವರೆ ಸೆಂ.ಮೀ.ಗೆ ಇಳಿಯುತ್ತದೆ. ಕನ್ನಡ ಓದುವವರಿಗೆ ಈ ವ್ಯತ್ಯಾಸ ಬೇಗ ತಟ್ಟುತ್ತದೆ, ಏಕೆಂದರೆ ಅಕ್ಷರ ಕುಗ್ಗಿದಾಗ ಮೊದಲು ಗೋಜಲಾಗುವುದು ಕೆಳಗಿನ ಒತ್ತಕ್ಷರ.

ನಮ್ಮ ಚೀಟಿಯ ಸಂಖ್ಯೆ 1.76. ಪಟ್ಟಿಯಲ್ಲಿ ಅದಕ್ಕೆ ತೀರ ಹತ್ತಿರದ್ದು 175%. 4ಕೆ ಪರದೆಗೆ ಅದನ್ನು ಕೊಟ್ಟು, ಹಳೆಯದನ್ನು 100ರಲ್ಲೇ ಬಿಟ್ಟರೆ 10 ಸೆಂ.ಮೀ. ಕಿಟಕಿ ಆಚೆ ಹೋದಾಗ 9.9 ಸೆಂ.ಮೀ. ಇರುತ್ತದೆ. ಕಣ್ಣಿಗೆ ಎರಡೂ ಒಂದೇ. ಎರಡೂ ಪರದೆಯಲ್ಲಿ ನೋಟ್‌ಪ್ಯಾಡ್ ತೆರೆದು ಒಂದೇ ಸಾಲನ್ನು ಬರೆದು, ಗಾಜಿನ ಮೇಲೆ ಸ್ಕೇಲು ಹಿಡಿದು ನೋಡಿದರೆ ಗೊತ್ತಾಗುತ್ತದೆ. ಇಷ್ಟು ದುಡ್ಡು ಕೊಟ್ಟು 4ಕೆ ತಂದದ್ದು 175% ಮಾಡಿ ದೊಡ್ಡದಾಗಿ ನೋಡುವುದಕ್ಕಾ ಎಂದು ಕೇಳುವವರಿದ್ದಾರೆ. ಜಾಗ ಹೆಚ್ಚು ಬೇಕಾದವರಿಗೆ ಆ ಪ್ರಶ್ನೆ ನ್ಯಾಯವಾದದ್ದೇ, ಅವರು 150%ರಲ್ಲಿ ಇದ್ದುಕೊಂಡು ಗಾತ್ರದ ವ್ಯತ್ಯಾಸ ಸಹಿಸಿಕೊಳ್ಳಬೇಕು. ಆದರೆ 175% ಮಾಡಿದರೆ ಪಿಕ್ಸೆಲ್‌ಗಳು ವ್ಯರ್ಥವಾಗುವುದಿಲ್ಲ. ಅದೇ ಗಾತ್ರದ ಅಕ್ಷರವನ್ನು ಮೂರುಪಟ್ಟು ಪಿಕ್ಸೆಲ್‌ಗಳಲ್ಲಿ ಬಿಡಿಸುವುದರಿಂದ ಅಂಚುಗಳು ಚೊಕ್ಕವಾಗುತ್ತವೆ.

ಇಲ್ಲಿ ಎರಡು ಕಡೆ ಎಡವುವ ಸಾಧ್ಯತೆ ಇದೆ. ಮೊದಲನೆಯದು Custom scaling ಎಂಬ ಖಾಲಿ ಚೌಕ. 176 ಎಂದು ಅದರಲ್ಲಿ ಬರೆದರೆ ಇನ್ನೂ ನಿಖರವಾಗುತ್ತದಲ್ಲ ಎನ್ನಿಸುತ್ತದೆ. ಹಾಗೆ ಬರೆದರೆ ಆ ಅಳತೆ ಎಲ್ಲ ಪರದೆಗಳಿಗೂ ಅನ್ವಯವಾಗುತ್ತದೆ, ಹಳೆಯ ಪರದೆಯಲ್ಲಿ ಅಕ್ಷರಗಳು ಬೋರ್ಡಿನ ಮೇಲೆ ಬರೆದಂತೆ ದಪ್ಪಗಾಗುತ್ತವೆ. ಎರಡನೆಯದು ಅದಕ್ಕಿಂತ ಕೆಟ್ಟದ್ದು: Display resolution ಅನ್ನೇ ಇಳಿಸಿ 4ಕೆ ಪರದೆಯನ್ನು 2560×1440ಕ್ಕೆ ತರುವುದು. ಅಕ್ಷರವೇನೋ ದೊಡ್ಡದಾಗುತ್ತದೆ. ಆದರೆ ಒಂದು ಪಿಕ್ಸೆಲನ್ನು ಒಂದೂವರೆ ಪಿಕ್ಸೆಲ್ ಮೇಲೆ ಹರಡಬೇಕಾಗಿ ಬಂದು ಎಲ್ಲವೂ ಮಸುಕಾಗುತ್ತದೆ. ಪರದೆ ಯಾವುದೇ ಇರಲಿ, ರೆಸಲ್ಯೂಶನ್ ಅದರ ಹುಟ್ಟು ಸಂಖ್ಯೆಯಲ್ಲೇ ಇರಬೇಕು, ಗಾತ್ರವನ್ನು Scale ನೋಡಿಕೊಳ್ಳಬೇಕು.

ಲ್ಯಾಪ್‌ಟಾಪ್ ಪಕ್ಕದಲ್ಲಿ ಮಾನಿಟರ್ ಇಟ್ಟುಕೊಂಡವರಿಗೂ ಲೆಕ್ಕ ಇದೇ, ಒಂದು ತಿದ್ದುಪಡಿಯೊಂದಿಗೆ. 14 ಇಂಚಿನ ಫುಲ್ ಎಚ್‌ಡಿ ಲ್ಯಾಪ್‌ಟಾಪನ್ನು 24 ಇಂಚಿನ ಮಾನಿಟರಿಗೆ ಹೋಲಿಸಿದರೆ ಅನುಪಾತ 1.7 ಬರುತ್ತದೆ. ಆದರೆ ಲ್ಯಾಪ್‌ಟಾಪ್ ಕಣ್ಣಿಗೆ ಹತ್ತಿರ ಇರುತ್ತದೆ, ಮಾನಿಟರ್ ದೂರ. ಹತ್ತಿರದ ಅಕ್ಷರ ಸಣ್ಣದಿದ್ದರೂ ಕಣ್ಣಿಗೆ ಅಷ್ಟೇ ಕಾಣುವುದರಿಂದ 125% ಅಥವಾ 150% ಸಾಕಾಗುತ್ತದೆ. ಸೆಂಟಿಮೀಟರಿನ ಲೆಕ್ಕ ಪೂರ್ತಿ ಹೊಂದುವುದು ಎರಡೂ ಪರದೆ ಒಂದೇ ದೂರದಲ್ಲಿದ್ದಾಗ ಮಾತ್ರ.

ಗಾತ್ರ ಸರಿಹೋಯಿತು. ಈಗ ಕರ್ಸರನ್ನು ಆಚೆ ಒಯ್ದು ನೋಡಿ, ಮೊದಲಿನಂತೆಯೇ ಹಾರುತ್ತದೆ. ಸಣ್ಣ ಬದಲಾವಣೆಯೂ ಆಗಿರುವುದಿಲ್ಲ.

ಕಾರಣ ಇಷ್ಟು. ಎರಡು ಪರದೆಗಳನ್ನು ಪಕ್ಕಪಕ್ಕ ಜೋಡಿಸುವಾಗ ವಿಂಡೋಸ್ ಸೆಂಟಿಮೀಟರನ್ನೂ ನೋಡುವುದಿಲ್ಲ, ನೀವು ಕೊಟ್ಟ ಶೇಕಡಾವಾರನ್ನೂ ನೋಡುವುದಿಲ್ಲ. ಪಿಕ್ಸೆಲ್‌ಗಳನ್ನಷ್ಟೇ ಎಣಿಸುತ್ತದೆ. ಸಣ್ಣ ಚೌಕದ ಗ್ರಾಫ್ ಹಾಳೆಯೊಂದನ್ನೂ ದೊಡ್ಡ ಚೌಕದ ಹಾಳೆಯೊಂದನ್ನೂ ಚೌಕ ಎಣಿಸಿ ಸಾಲಿಗೆ ಸಾಲು ಅಂಟಿಸಿದಂತೆ ಇದು. ಈ ಸಾಲಿನ ನೇರಕ್ಕೆ ಆಚೆ ಬದಿಯ ಅದೇ ಸಾಲು ಒಂದು ಕಡೆ ಬಿಟ್ಟರೆ ಬೇರೆಲ್ಲೂ ಸಿಗುವುದಿಲ್ಲ. 4ಕೆ ಪರದೆಯ ಎತ್ತರ 2160 ಪಿಕ್ಸೆಲ್, ಹಳೆಯದರದ್ದು 1080. ಆದ್ದರಿಂದ Display ಪುಟದ ಚಿತ್ರದಲ್ಲಿ ಹಳೆಯ ಮಾನಿಟರ್ ಹೊಸದರ ಅರ್ಧ ಎತ್ತರಕ್ಕಿರುತ್ತದೆ. ಮೇಜಿನ ಮೇಲೆ ನೋಡಿದರೆ ಒಂದು 33.6 ಸೆಂ.ಮೀ., ಇನ್ನೊಂದು 29.6 ಸೆಂ.ಮೀ. ಎತ್ತರ, ವ್ಯತ್ಯಾಸ ನಾಲ್ಕು ಬೆರಳೂ ಇಲ್ಲ. ಚಿತ್ರದಲ್ಲಿ ಹಳೆಯ ಪರದೆ ಇಲ್ಲದ ಅರ್ಧ ಭಾಗವೇ ನಿಮ್ಮ ಕರ್ಸರಿಗೆ ಎದುರಾಗುವ ಗೋಡೆ.

ಹೊಸ ಪರದೆ ಸಿಕ್ಕಿಸಿದಾಗ ವಿಂಡೋಸ್ ಸಾಮಾನ್ಯವಾಗಿ ಎರಡರ ಮೇಲಂಚನ್ನೂ ಒಂದೇ ಸಾಲಿಗೆ ತರುತ್ತದೆ. ಅದರಿಂದ ಏನಾಗುತ್ತದೆ ಎಂದು ಒಮ್ಮೆ ಲೆಕ್ಕ ಹಾಕೋಣ. ಎರಡೂ ಮಾನಿಟರುಗಳ ಕೆಳಅಂಚು ಮೇಜಿನಿಂದ ಒಂದೇ ಎತ್ತರದಲ್ಲಿದೆ ಎಂದಿಟ್ಟುಕೊಳ್ಳಿ. 4ಕೆ ಪರದೆಯಲ್ಲಿ ಮೇಲಿನಿಂದ 540ನೇ ಪಿಕ್ಸೆಲ್ ಸಾಲಿನಲ್ಲಿ, ಅಂದರೆ ಮೇಲಂಚಿನಿಂದ 8.4 ಸೆಂ.ಮೀ. ಕೆಳಗೆ, ಕರ್ಸರ್ ಅಂಚು ದಾಟುತ್ತದೆ. ಆಚೆಯೂ 540ನೇ ಸಾಲಿಗೇ ಹೋಗಬೇಕು. ಆದರೆ ಅಲ್ಲಿಯ ಪಿಕ್ಸೆಲ್ ದೊಡ್ಡದು, 540 ಸಾಲೆಂದರೆ 14.8 ಸೆಂ.ಮೀ. ಜೊತೆಗೆ ಹಳೆಯ ಪರದೆಯ ಮೇಲಂಚೇ 4 ಸೆಂ.ಮೀ. ಕೆಳಗಿದೆ. ಎಲ್ಲ ಸೇರಿ ಕರ್ಸರ್ ದಾಟಿದ ಕ್ಷಣದಲ್ಲಿ 10 ಸೆಂ.ಮೀ.ಗಿಂತ ಹೆಚ್ಚು ಕೆಳಗೆ ಬೀಳುತ್ತದೆ. ಕಣ್ಣು ಒಂದು ಕಡೆ ಹುಡುಕುತ್ತಿರುತ್ತದೆ, ಕರ್ಸರ್ ಇನ್ನೊಂದು ಕಡೆ ಇರುತ್ತದೆ.

ಈ ಹಾರಾಟವನ್ನು ವಿಂಡೋಸ್‌ನ ಸೆಟ್ಟಿಂಗ್‌ನಿಂದಲೇ ಪೂರ್ತಿ ಇಲ್ಲವಾಗಿಸಲು ಆಗುವುದಿಲ್ಲ. ಎಲ್ಲಿ ಹಾರಬಾರದು ಎಂದು ಆರಿಸಿಕೊಳ್ಳಬಹುದು, ಅಷ್ಟೇ. ಎರಡು ಪರದೆಗಳ ನಡುವೆ ಯಾವುದಾದರೂ ಒಂದು ಎತ್ತರದಲ್ಲಿ ಕರ್ಸರ್ ನೇರವಾಗಿ ದಾಟುವಂತೆ ಮಾಡಲು ಸಾಧ್ಯ. ಆ ಎತ್ತರದಿಂದ ದೂರ ಹೋದಂತೆಲ್ಲ ಹಾರುವ ಪ್ರಮಾಣ ಹೆಚ್ಚುತ್ತದೆ. ನಮ್ಮ ಜೋಡಿಯಲ್ಲಿ, 4ಕೆ ಕಡೆಯಿಂದ ದಾಟುವಾಗ, ಪ್ರತಿ ಸೆಂಟಿಮೀಟರಿಗೆ ಮುಕ್ಕಾಲು ಸೆಂಟಿಮೀಟರಿನಂತೆ. ಆ ಗೆರೆಯಿಂದ 2 ಸೆಂ.ಮೀ. ಮೇಲೆ ದಾಟಿದರೆ ಒಂದೂವರೆ ಸೆಂ.ಮೀ. ಜಿಗಿತ, ಅದು ಗಮನಕ್ಕೆ ಬರುವುದೇ ಇಲ್ಲ. 5 ಸೆಂ.ಮೀ. ದೂರದಲ್ಲಿ ಸುಮಾರು 4 ಸೆಂ.ಮೀ. ಜಿಗಿತ, ಅದು ಗೊತ್ತಾಗುತ್ತದೆ. ಹಾಗಾಗಿ ಆ ಗೆರೆ ನೀವು ಹೆಚ್ಚಾಗಿ ದಾಟುವ ಎತ್ತರದಲ್ಲಿರಬೇಕು. ಹೆಚ್ಚಿನವರಿಗೆ ಅದು ಪರದೆಯ ನಡುಮಧ್ಯ ಅಥವಾ ಅದಕ್ಕಿಂತ ತುಸು ಮೇಲೆ.

ಕೆಳಅಂಚಿನಿಂದ 20 ಸೆಂ.ಮೀ. ಎತ್ತರದ ಗೆರೆ ನನಗೆ ಬೇಕು ಅನ್ನೋಣ. 4ಕೆ ಪರದೆಯಲ್ಲಿ ಅದು ಮೇಲಿನಿಂದ ಸುಮಾರು 875ನೇ ಸಾಲು, ಹಳೆಯದರಲ್ಲಿ 350ನೇ ಸಾಲು. ಎರಡೂ ಎದುರುಬದುರಾಗಬೇಕಾದರೆ Display ಚಿತ್ರದಲ್ಲಿ ಹಳೆಯ ಪರದೆಯ ಮೇಲಂಚು ಹೊಸದರ ಮೇಲಂಚಿನಿಂದ 525 ಪಿಕ್ಸೆಲ್ ಕೆಳಗಿರಬೇಕು. 2160ರ ಎತ್ತರದಲ್ಲಿ 1080ರ ಚೌಕವನ್ನು ಸರಿಯಾಗಿ ನಡುವಿಗೆ ಇಟ್ಟರೆ ಆ ಸಂಖ್ಯೆ 540 ಆಗುತ್ತದೆ. ಹತ್ತಿರ ಹತ್ತಿರ ಒಂದೇ. ಈ ಜೋಡಿಗೆ ಲೆಕ್ಕವನ್ನೆಲ್ಲ ಮರೆತು ಸಣ್ಣ ಚೌಕವನ್ನು ದೊಡ್ಡದರ ನಡುವಿಗೆ ಎಳೆದಿಟ್ಟು Apply ಒತ್ತಿದರೂ ಸಾಕು ಎಂದಾಯಿತು.

ಪುಟದಲ್ಲಿ ಪಿಕ್ಸೆಲ್ ಸಂಖ್ಯೆ ಕಾಣಿಸುವುದಿಲ್ಲವಾದ್ದರಿಂದ ಪರೀಕ್ಷೆಯನ್ನು ಗಾಜಿನ ಮೇಲೆಯೇ ಮಾಡಬೇಕು. ಉದ್ದನೆಯ ಸ್ಕೇಲನ್ನೋ ನೇರ ಅಂಚಿನ ರಟ್ಟನ್ನೋ ಎರಡೂ ಪರದೆಗೆ ತಾಗುವಂತೆ, ನಿಮಗೆ ಬೇಕಾದ ಎತ್ತರದಲ್ಲಿ ಅಡ್ಡಕ್ಕೆ ಹಿಡಿಯಿರಿ. ರಟ್ಟಿನ ಅಂಚಿನ ಗುಂಟ ಕರ್ಸರ್ ಓಡಿಸಿ. ಆಚೆ ಹೋದಾಗ ಮೇಲಕ್ಕೆ ನೆಗೆದರೆ ಚಿತ್ರದಲ್ಲಿ ಹಳೆಯ ಪರದೆಯ ಚೌಕವನ್ನು ಮೇಲಕ್ಕೆ ಸರಿಸಬೇಕು, ಕೆಳಕ್ಕೆ ಬಿದ್ದರೆ ಕೆಳಕ್ಕೆ. ದಿಕ್ಕು ತಲೆಕೆಳಗು ಅನ್ನಿಸಬಹುದು, ಆದರೆ ಚೌಕ ಮೇಲೆ ಹೋದಾಗ ಅದೇ ಎತ್ತರಕ್ಕೆ ಅದರ ಇನ್ನೂ ಕೆಳಗಿನ ಸಾಲು ಬಂದು ನಿಲ್ಲುತ್ತದೆ. ಎರಡು ಮೂರು ಸಲ ಸರಿಸುವಷ್ಟರಲ್ಲಿ ಕೂರುತ್ತದೆ. ಇದಕ್ಕೂ ಮೊದಲು ಮಾನಿಟರುಗಳ ಸ್ಟ್ಯಾಂಡ್ ಸರಿಮಾಡಿ ಮುಗಿಸಿರಬೇಕು. ಆಮೇಲೆ ಯಾರಾದರೂ ಮೇಜು ಒರೆಸುವಾಗ ಒಂದನ್ನು ಎತ್ತಿ ತಗ್ಗಿಸಿದರೆ ಜೋಡಣೆ ಮತ್ತೆ ತಪ್ಪುತ್ತದೆ.

ಗೋಡೆಯ ಭಾಗಕ್ಕೆ ವಿಂಡೋಸ್ 11ರಲ್ಲಿ ಒಂದು ಪರಿಹಾರ ಇದೆ. ಅದೇ Display ಪುಟದ Multiple displays ಅಡಿಯಲ್ಲಿ Ease cursor movement between displays ಎಂಬ ಚೌಕಕ್ಕೆ ಗುರುತು ಹಾಕಿದರೆ, ಎದುರಿಗೆ ಪರದೆ ಇಲ್ಲದ ಕಡೆ ಒತ್ತಿದಾಗಲೂ ಕರ್ಸರ್ ನಿಲ್ಲುವುದಿಲ್ಲ, ಆಚೆ ಪರದೆಯ ಹತ್ತಿರದ ಅಂಚಿಗೆ ಜಾರಿಕೊಳ್ಳುತ್ತದೆ. ಇದು ಗೋಡೆಯನ್ನು ತೆಗೆಯುತ್ತದೆಯೇ ಹೊರತು ಹಾರಾಟವನ್ನಲ್ಲ. ಹಾರಾಟವೂ ಹೋಗಲೇಬೇಕು ಎನ್ನುವವರಿಗೆ LittleBigMouse ಎಂಬ ಉಚಿತ, ಮುಕ್ತ ತಂತ್ರಾಂಶ ಇದೆ. ಅದು ಪರದೆಗಳನ್ನು ಪಿಕ್ಸೆಲ್ ಬದಲು ನಿಜವಾದ ಅಳತೆಯಲ್ಲಿ ಜೋಡಿಸಲು ಬಿಡುತ್ತದೆ, ಅಂಚು ದಾಟುವ ಕ್ಷಣದಲ್ಲಿ ಕರ್ಸರನ್ನು ಗಾಜಿನ ಲೆಕ್ಕಕ್ಕೆ ತಕ್ಕ ಜಾಗಕ್ಕೆ ಕಳಿಸುತ್ತದೆ. ಹಿನ್ನೆಲೆಯಲ್ಲಿ ಸದಾ ಓಡುತ್ತಿರಬೇಕು ಎಂಬುದೊಂದೇ ಕೊರತೆ. ದಿನವಿಡೀ ಎರಡೂ ಪರದೆಗಳ ನಡುವೆ ಓಡಾಡುವವರು ಹಾಕಿಕೊಳ್ಳಬಹುದು. ಪಕ್ಕದ ಪರದೆಯಲ್ಲಿ ಮೇಲ್ ಮಾತ್ರ ತೆರೆದಿಡುವವರಿಗೆ ನಡುವಿಗೆ ಎಳೆದಿಟ್ಟ ಚೌಕವೇ ಸಾಕು.

ಇನ್ನು ಕಿಟಕಿಗಳು. ಒಂದು ಕಿಟಕಿಯನ್ನು ಅರ್ಧ ಇಲ್ಲಿ, ಅರ್ಧ ಅಲ್ಲಿ ನಿಲ್ಲಿಸಿದರೆ ಒಂದು ಭಾಗ ಯಾವಾಗಲೂ ತಪ್ಪು ಗಾತ್ರದಲ್ಲೇ ಇರುತ್ತದೆ, ಏಕೆಂದರೆ ಕಿಟಕಿಗೆ ಒಂದು ಸಲಕ್ಕೆ ಒಂದೇ ಶೇಕಡಾವಾರು. ಹೆಚ್ಚಿನ ಭಾಗ ಯಾವ ಪರದೆಯಲ್ಲಿದೆಯೋ ಅದರದ್ದನ್ನು ಅದು ಪಡೆಯುತ್ತದೆ. ಎಳೆಯುವಾಗ ನಡುದಾರಿಯಲ್ಲಿ ಕಿಟಕಿ ತಟಕ್ಕನೆ ಗಾತ್ರ ಬದಲಿಸುವುದು ಇದಕ್ಕೇ. ಎಳೆಯುವ ಬದಲು ವಿಂಡೋಸ್ ಕೀಲಿ, Shift ಮತ್ತು ಎಡ ಅಥವಾ ಬಲ ಬಾಣವನ್ನು ಒಟ್ಟಿಗೆ ಒತ್ತುವುದು ಮೇಲು. ಕಿಟಕಿ ನಡುವೆ ನಿಲ್ಲದೆ ನೇರ ಆಚೆ ಪರದೆಗೆ ಹೋಗುತ್ತದೆ.

ಮಸುಕಾಗುವ ತಂತ್ರಾಂಶಗಳದ್ದು ಬೇರೆಯೇ ಕಥೆ, ಕನ್ನಡ ಡಿಟಿಪಿ ಮಾಡುವವರಿಗೆ ಅದು ಚೆನ್ನಾಗಿ ಗೊತ್ತು. ಪರದೆಗೊಂದು ಶೇಕಡಾವಾರು ಎಂಬ ವ್ಯವಸ್ಥೆ ವಿಂಡೋಸ್‌ಗೆ ಬಂದದ್ದು 2013ರ 8.1 ಆವೃತ್ತಿಯಲ್ಲಿ. ಅಡೋಬಿ ಪೇಜ್‌ಮೇಕರ್‌ನ ಕೊನೆಯ ಮುಖ್ಯ ಆವೃತ್ತಿ 2001ರದು. ನಮ್ಮ ಎಷ್ಟೋ ಮುದ್ರಣಾಲಯಗಳಲ್ಲಿ ಲಗ್ನಪತ್ರಿಕೆ, ಕರಪತ್ರಗಳು ಅದರಲ್ಲೇ ಸಿದ್ಧವಾಗುತ್ತ ಬಂದಿವೆ. ಇಂಥ ಹಳೆಯ ತಂತ್ರಾಂಶಕ್ಕೆ 175% ಎಂದರೆ ಏನೆಂದೇ ತಿಳಿಯದು. ಅದು ಸದಾ 100%ರಲ್ಲಿ ಚಿತ್ರ ಬಿಡಿಸುತ್ತದೆ, ವಿಂಡೋಸ್ ಆ ಚಿತ್ರವನ್ನು ಫೋಟೊ ಹಿಗ್ಗಿಸಿದಂತೆ ಹಿಗ್ಗಿಸುತ್ತದೆ. ಹಾಗಾಗಿ ಹೊಸ 4ಕೆ ಪರದೆಯಲ್ಲಿ ಅಕ್ಷರ ಮಬ್ಬು, ಹಳೆಯ ಪರದೆಯಲ್ಲಿ ಸ್ವಚ್ಛ. ಮಾನಿಟರ್ ಕೆಟ್ಟದ್ದು ಎಂದು ಅಂಗಡಿಗೆ ವಾಪಸು ಒಯ್ಯುವ ಮೊದಲು Task Manager ತೆರೆದು, Details ಪಟ್ಟಿಯ ತಲೆಸಾಲಿನ ಮೇಲೆ ಬಲ ಗುಂಡಿ ಒತ್ತಿ, DPI Awareness ಎಂಬ ಕಾಲಂ ಸೇರಿಸಿ ನೋಡಿ. ಆ ತಂತ್ರಾಂಶದ ಎದುರು Unaware ಎಂದಿದ್ದರೆ ಮಾನಿಟರಿನ ತಪ್ಪಲ್ಲ. Per-Monitor ಎಂದಿದ್ದೂ ಮಸುಕಾಗಿದ್ದರೆ ಕಾರಣ ಬೇರೆ ಹುಡುಕಬೇಕು.

ಇದಕ್ಕೆ ಸುಲಭದ ಉಪಾಯ, ಅಂಥ ತಂತ್ರಾಂಶವನ್ನು 100%ರ ಹಳೆಯ ಪರದೆಯಲ್ಲೇ ತೆರೆಯುವುದು. ಹೊಸದರಲ್ಲೇ ಬೇಕು ಎಂದಾದರೆ ಅದರ ಐಕಾನಿನ Properties ತೆರೆದು, Compatibilityಯಲ್ಲಿ Change high DPI settings ಒತ್ತಿ, ಕೆಳಗಿನ Override ಚೌಕಕ್ಕೆ ಗುರುತು ಹಾಕಿ System (Enhanced) ಆರಿಸಿ ನೋಡಬಹುದು. ಕೆಲವು ತಂತ್ರಾಂಶಗಳಲ್ಲಿ ಅಕ್ಷರ ಚೊಕ್ಕವಾಗುತ್ತದೆ, ಕೆಲವಲ್ಲಿ ಗುಂಡಿಗಳು ಚೆಲ್ಲಾಪಿಲ್ಲಿಯಾಗುತ್ತವೆ. ಹಾಗಾದರೆ ಗುರುತು ತೆಗೆದುಬಿಡಿ. ಅಲ್ಲೇ ಇರುವ Application ಆರಿಸಿದರೆ ಪೇಜ್‌ಮೇಕರ್ ಕಾಲದ ಮೆನುಗಳು ಭೂತಗನ್ನಡಿ ಬೇಕಾಗುವಷ್ಟು ಸಣ್ಣಗಾಗುತ್ತವೆ. ಇನ್ನು ಕೆಲವು ತಂತ್ರಾಂಶಗಳು ಲಾಗಿನ್ ಆಗುವಾಗ ಮುಖ್ಯ ಪರದೆ ಯಾವ ಶೇಕಡಾವಾರಿನಲ್ಲಿತ್ತೋ ಅದನ್ನೇ ಹಿಡಿದುಕೊಂಡಿರುತ್ತವೆ. ಆದ್ದರಿಂದ Scale ಬದಲಿಸಿದ ಮೇಲೆ ಒಮ್ಮೆ ಸೈನ್ ಔಟ್ ಆಗಿ ಬಂದು, ಆಮೇಲೆ ತೀರ್ಮಾನಕ್ಕೆ ಬನ್ನಿ.

ಇಷ್ಟೆಲ್ಲ ಮಾಡಿದರೂ 4ಕೆ ಪರದೆಯಲ್ಲಿ ಕರ್ಸರ್ ತೊದಲಿದಂತೆ, ಹಿಂದೆ ಬಿದ್ದಂತೆ ಚಲಿಸುತ್ತಿದ್ದರೆ ದೋಷ ಕೇಬಲ್ಲಿನದೋ ಪೋರ್ಟಿನದೋ ಇರಬೇಕು. ಹಳೆಯ ಎಚ್‌ಡಿಎಂಐ 1.4 ಪೋರ್ಟು 4ಕೆ ಚಿತ್ರವನ್ನು ಸೆಕೆಂಡಿಗೆ 30 ಸಲ ಮಾತ್ರ ಕಳಿಸಬಲ್ಲದು. ಪಕ್ಕದ ಹಳೆಯ ಪರದೆ 60 ಸಲ ಬದಲಾಗುತ್ತಿರುವಾಗ ಈ ವ್ಯತ್ಯಾಸ ಕೈಗೇ ತಿಳಿಯುತ್ತದೆ. Advanced displayಯಲ್ಲಿ ರಿಫ್ರೆಶ್ ರೇಟ್ 30 Hz ಎಂದಿದ್ದರೆ ಎಚ್‌ಡಿಎಂಐ 2.0 ಅಥವಾ ಡಿಸ್‌ಪ್ಲೇಪೋರ್ಟ್ ಹುಡುಕಿ. ಮೌಸಿನ ವೇಗ ಹೆಚ್ಚಿಸಿ ಪ್ರಯೋಜನವಿಲ್ಲ.

ಮ್ಯಾಕ್ ಬಳಸುವವರಿಗೆ ಹಾರಾಟದ ಗೋಳು ಕಡಿಮೆ. ಅಲ್ಲಿ ಪರದೆಗಳ ಜೋಡಣೆ ನಿಜವಾದ ಪಿಕ್ಸೆಲ್‌ನಲ್ಲಲ್ಲ, ಹಿಗ್ಗಿಸಿದ ಮೇಲಿನ ಲೆಕ್ಕದಲ್ಲಿ ನಡೆಯುತ್ತದೆ. ಗಾತ್ರ ಹೊಂದಿತೆಂದರೆ ಕರ್ಸರೂ ಹೊಂದಿತು. ಆದರೆ ಹಳೆಯ ಫುಲ್ ಎಚ್‌ಡಿ ಪರದೆಯಲ್ಲಿ ಮ್ಯಾಕ್‌ನ ಅಕ್ಷರ 2018ರ ಮೊಹಾವೆ ಆವೃತ್ತಿಯಿಂದೀಚೆಗೆ ತುಸು ಮೆತ್ತಗೆ ಕಾಣುತ್ತದೆ, ಅದಕ್ಕೆ ಜೋಡಣೆಯಿಂದ ಪರಿಹಾರವಿಲ್ಲ. ಲಿನಕ್ಸ್‌ನಲ್ಲಿ ವೇಲ್ಯಾಂಡ್ ಇದ್ದರೆ ಮ್ಯಾಕಿನ ಹಾಗೆ. ಹಳೆಯ ಎಕ್ಸ್11 ಇದ್ದರೆ ಪರದೆಗೊಂದು ಶೇಕಡಾವಾರು ಕೊಡುವುದೇ ತಲೆನೋವು. ವೇಲ್ಯಾಂಡಿಗೆ ದಾಟುವುದು ಒಳ್ಳೆಯದು.

ಎರಡನೆಯ ಮಾನಿಟರ್ ಇನ್ನೂ ಕೊಂಡಿಲ್ಲದವರಿಗೆ ನನ್ನ ಮಾತು ಬೇರೆ. ಹಳೆಯ 24 ಇಂಚಿನ ಫುಲ್ ಎಚ್‌ಡಿಯನ್ನು ಉಳಿಸಿಕೊಳ್ಳುವುದಾದರೆ ಜೊತೆಗೆ 4ಕೆ ತರಬೇಡಿ. 31.5 ಇಂಚಿನ, 2560×1440 ಪಿಕ್ಸೆಲ್‌ಗಳ ಮಾನಿಟರ್ ತನ್ನಿ. ಅದರ ಅಗಲ 69.7 ಸೆಂ.ಮೀ., ಸೆಂಟಿಮೀಟರಿಗೆ 36.7 ಪಿಕ್ಸೆಲ್, ಹೆಚ್ಚುಕಡಿಮೆ ನಿಮ್ಮ ಹಳೆಯದರಷ್ಟೇ. 4ಕೆಯಷ್ಟು ನುಣುಪು ಇರುವುದಿಲ್ಲ, ಫೋಟೊ ತಿದ್ದುವವರಿಗೆ ಅದು ಕೊರತೆಯೇ. ಆದರೆ ಎರಡನ್ನೂ 100%ರಲ್ಲಿ ಬಿಟ್ಟು, ಮೇಜಿನ ಮೇಲೆ ಇರುವಂತೆಯೇ ಚಿತ್ರದಲ್ಲೂ ಚೌಕಗಳನ್ನಿಟ್ಟರೆ ಕಿಟಕಿ ಉಬ್ಬುವುದಿಲ್ಲ, ಕರ್ಸರ್ ಹಾರುವುದಿಲ್ಲ, ಪೇಜ್‌ಮೇಕರ್ ಎರಡರಲ್ಲೂ ಸ್ವಚ್ಛವಾಗಿ ಕಾಣುತ್ತದೆ. ಅಂಗಡಿಗೆ ಹೋಗುವಾಗ ಇಂಚನ್ನೂ ರೆಸಲ್ಯೂಶನ್ನನ್ನೂ ಬೇರೆ ಬೇರೆ ಕೇಳಬೇಡಿ. ಹಳೆಯ ಮಾನಿಟರಿನ ಸೆಂಟಿಮೀಟರಿಗೆ ಎಷ್ಟು ಪಿಕ್ಸೆಲ್ ಎಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ.